ಫ್ಯಾನ್ ನಿಧಾನ ತಿರುಗುತ್ತಿದೆ, ಗುಂಯ್ ಅನ್ನುತ್ತಿದೆ: ಕಪಾಸಿಟರ್ ಹೋಗಿದೆಯೋ, ಫ್ಯಾನೇ ಹೋಗಿದೆಯೋ?

ರಾಯಚೂರಿನವ
ಎಲ್ಲರಿಗೂ ನಮಸ್ಕಾರ. ನಮ್ಮ ಮಹಡಿ ರೂಮಿನ ಫ್ಯಾನ್ ಒಂದು ತಿಂಗಳಿಂದ ಕಾಡಿಸುತ್ತಿದೆ. ರೆಗ್ಯುಲೇಟರ್ ಐದಕ್ಕೆ ಇಟ್ಟರೂ ಎರಡರಲ್ಲಿ ಇಟ್ಟ ಹಾಗೆ ತಿರುಗುತ್ತದೆ. ಈಗ ಒಂದು ವಾರದಿಂದ ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತಾ ನಿಂತೇ ಇರುತ್ತದೆ. ಅಪ್ಪ ಕೋಲಿನಿಂದ ರೆಕ್ಕೆ ತಳ್ಳಿದ ಮೇಲೆ ನಿಧಾನಕ್ಕೆ ಶುರುವಾಗುತ್ತದೆ. ಫ್ಯಾನಿಗೆ ಒಂಬತ್ತು ವರ್ಷ ಆಗಿದೆ.

ಮೊನ್ನೆ ಒಬ್ಬ ಮೆಕ್ಯಾನಿಕ್ ಬಂದಿದ್ದರು. ಕಪಾಸಿಟರ್ ಬಿಚ್ಚಿ, ಕರೆಂಟಿಗೆ ಒಂದು ಸಲ ಮುಟ್ಟಿಸಿ, ಎರಡೂ ವೈರಿನ ತುದಿ ಸೇರಿಸಿದರು. ಚಟ್ ಅಂತ ಕಿಡಿ ಬಂತು. "ಕಪಾಸಿಟರ್ ಚೆನ್ನಾಗಿದೆ ಸರ್, ವೈಂಡಿಂಗ್ ವೀಕ್ ಆಗಿದೆ, ಹೊಸ ಫ್ಯಾನ್ ತಗೊಳ್ಳಿ" ಅಂದು ಹಳೆಯದನ್ನೇ ಮತ್ತೆ ಹಾಕಿ ಹೋದರು. ಆ ರೂಮಿನಲ್ಲಿ ಅಪ್ಪ ಅಮ್ಮ ಮಲಗುತ್ತಾರೆ. ಈ ಬಿಸಿಲಿಗೆ ರಾತ್ರಿ ಹನ್ನೊಂದಾದರೂ ಗೋಡೆ ಕಾದೇ ಇರುತ್ತದೆ. ಹೊಸದಕ್ಕೆ ದುಡ್ಡು ಹಾಕೋದೇ ಆದರೆ ಹಾಕುತ್ತೇನೆ, ಆದರೆ ಅದಕ್ಕೆ ಮೊದಲು ನಿಜವಾಗಿ ಏನು ಹೋಗಿದೆ ಅಂತ ತಿಳಿಯಬೇಕು.

ಮಸ್ಕಿ ಹುಡುಗ
ಕಂಡೆನ್ಸರ್ ಅಣ್ಣ, ಅದೇ ಆ ಕಪಾಸಿಟರ್. ಐವತ್ತು ಅರವತ್ತು ರೂಪಾಯಿ ಕೆಲಸ. ಫ್ಯಾನ್ ಬದಲಿಸಬೇಡಿ.

ಕೋಟೆ ಬಳ್ಳಾರಿ
ಅಷ್ಟು ಬೇಗ ಹೇಳಬೇಡ ತಮ್ಮ. ಮೊದಲು ಮನೆಯ ಬೇರೆ ಫ್ಯಾನ್ ಹೇಗಿದೆ ನೋಡಬೇಕು. ನಮ್ಮ ಓಣಿಯಲ್ಲಿ ಸಂಜೆ ಏಳರಿಂದ ಹತ್ತರವರೆಗೆ ವೋಲ್ಟೇಜ್ 175ಕ್ಕೆ ಇಳಿದಿದ್ದನ್ನ ನಾನೇ ಮೀಟರಿನಲ್ಲಿ ನೋಡಿದ್ದೇನೆ. ಆಗ ಎಲ್ಲ ಫ್ಯಾನೂ ನಿಧಾನ. ನಾನು ಅದು ಗೊತ್ತಾಗದೆ ಒಂದೇ ವಾರದಲ್ಲಿ ಎರಡು ಕಪಾಸಿಟರ್ ಹಾಕಿಸಿದ್ದೆ.

ಮಸ್ಕಿ ಹುಡುಗ
ವೋಲ್ಟೇಜ್ ಕಮ್ಮಿ ಆದರೆ ನಿಧಾನ ಆಗುತ್ತದೆ, ಒಪ್ಪಿದೆ. ಕೋಲಿನಿಂದ ತಳ್ಳಬೇಕಾಗುತ್ತದಾ ಅಣ್ಣ?

ರಾಯಚೂರಿನವ
ಕೆಳಗಿನ ಹಾಲ್ ಫ್ಯಾನ್, ಅಡುಗೆಮನೆ ಫ್ಯಾನ್ ಎರಡೂ ಚೆನ್ನಾಗಿ ತಿರುಗುತ್ತವೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಯಾವಾಗ ನೋಡಿದರೂ ಇದೊಂದೇ ನಿಧಾನ.

ಕೋಟೆ ಬಳ್ಳಾರಿ
ಹಾಗಿದ್ದರೆ ವೋಲ್ಟೇಜ್ ಅಲ್ಲ. ಸರಿ. ಆದರೂ ಒಂದು ಮಾತು ಹೇಳುತ್ತೇನೆ, ಪಕ್ಕದ ಶಕ್ತಿನಗರದಲ್ಲಿ ಕರೆಂಟ್ ತಯಾರಾಗುತ್ತದೆ, ನಮ್ಮ ಕಡೆ ಕುಡತಿನಿಯಲ್ಲೂ ತಯಾರಾಗುತ್ತದೆ, ಆದರೂ ಬೇಸಿಗೆ ಸಂಜೆ ನಮ್ಮ ಮನೆಗೆ ಪೂರ್ತಿ ಬರಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ವೈಂಡಿಂಗ್ ಗಂಗಾವತಿ
ಇಪ್ಪತ್ತು ವರ್ಷದಿಂದ ಮೋಟರ್, ಫ್ಯಾನ್ ವೈಂಡಿಂಗ್ ಕೆಲಸ ಮಾಡುತ್ತಿದ್ದೇನೆ. ರಾಯಚೂರಿನವರೇ, ಆ ಕಿಡಿ ಪರೀಕ್ಷೆಯನ್ನ ನಂಬಬೇಡಿ.

ಫ್ಯಾನಿನ ಕಪಾಸಿಟರ್ ಬಲ್ಬಿನ ಹಾಗೆ ಒಂದೇ ದಿನ ಸಾಯುವುದು ಕಮ್ಮಿ. ಅದು ವರ್ಷದಿಂದ ವರ್ಷಕ್ಕೆ ಕರಗುತ್ತದೆ. ಒಳಗೆ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಅದರ ಮೇಲೆ ತೆಳ್ಳಗೆ ಲೋಹದ ಲೇಪ. ಎಲ್ಲಾದರೂ ಸಣ್ಣ ತೂತು ಬಿದ್ದರೆ ಸುತ್ತಲಿನ ಲೇಪ ಸುಟ್ಟು ಹೋಗಿ ಆ ಜಾಗ ತಾನೇ ಬೇರೆಯಾಗುತ್ತದೆ. ಕಪಾಸಿಟರ್ ಉಳಿಯುತ್ತದೆ, ಆದರೆ ಅಷ್ಟು ಭಾಗ ಕಳೆದುಕೊಳ್ಳುತ್ತದೆ. ಹೀಗೆ ಕಳೆದುಕೊಳ್ಳುತ್ತಾ 2.5 ಮೈಕ್ರೋಫ್ಯಾರಡ್ ಇದ್ದದ್ದು 2 ಆಗುತ್ತದೆ, 1.5 ಆಗುತ್ತದೆ. ಬಿಸಿ ಜಾಸ್ತಿ ಇದ್ದರೆ ಬೇಗ ಆಗುತ್ತದೆ. ಅರ್ಧಕ್ಕೆ ಇಳಿದ ಕಪಾಸಿಟರ್ ಕೂಡ ಕಿಡಿ ಕೊಡುತ್ತದೆ. ಕಿಡಿ ಬಂದರೆ ಅದು ಪೂರ್ತಿ ಸತ್ತಿಲ್ಲ ಅಂತ ಗೊತ್ತಾಗುತ್ತದೆ ಅಷ್ಟೇ. ಎಷ್ಟು ಉಳಿದಿದೆ ಅಂತ ಕಿಡಿ ಹೇಳಲ್ಲ.

ಈಗ ಬೇರಿಂಗ್ ವಿಷಯ. ಸ್ವಿಚ್ ಆಫ್ ಮಾಡಿ, ಫ್ಯಾನ್ ಪೂರ್ತಿ ನಿಂತ ಮೇಲೆ ಬೆರಳಿನಿಂದ ರೆಕ್ಕೆಯನ್ನ ಮೆಲ್ಲಗೆ ತಳ್ಳಿ. ಸದ್ದಿಲ್ಲದೆ ನಾಲ್ಕಾರು ಸುತ್ತು ಹೋಗಿ ತಾನೇ ನಿಂತರೆ ಬೇರಿಂಗ್ ಸರಿ ಇದೆ. ಅರ್ಧ ಸುತ್ತಿಗೇ ಹಿಡಿದುಕೊಂಡರೆ, ಕರಕರ ಅಂದರೆ, ತಪ್ಪು ಅಲ್ಲಿದೆ. ಅಂದಾಜು ಸಿಗದಿದ್ದರೆ ಹಾಲ್ ಫ್ಯಾನಿಗೂ ಅಷ್ಟೇ ಜೋರಾಗಿ ತಳ್ಳಿ ಹೋಲಿಸಿ ನೋಡಿ.

ರಾಯಚೂರಿನವ
ಈಗಲೇ ನೋಡಿದೆ ಸರ್. ಬೆಣ್ಣೆ ಹಾಗೆ ತಿರುಗುತ್ತದೆ. ಹಾಲ್ ಫ್ಯಾನಿಗಿಂತ ಎರಡು ಸುತ್ತು ಜಾಸ್ತಿಯೇ ಹೋಯಿತು.

ವೈಂಡಿಂಗ್ ಗಂಗಾವತಿ
ಹಾಗಾದರೆ ಬೇರಿಂಗ್ ಬಿಡಿ. ಇನ್ನೊಂದು ನೋಡಿ. ಸ್ವಿಚ್ ಹಾಕಿ, ಗುಂಯ್ ಅನ್ನುವಾಗ ಅಪ್ಪ ತಳ್ಳುವ ದಿಕ್ಕಿಗೆ ಎದುರು ದಿಕ್ಕಿಗೆ ಒಣ ಕೋಲಿನಿಂದ ತಳ್ಳಿ. ಕೈ ಹಾಕಬೇಡಿ. ಉಲ್ಟಾ ತಿರುಗಲು ಶುರುವಾಗುತ್ತದಾ?

ರಾಯಚೂರಿನವ
ಹೌದು ಸರ್! ಉಲ್ಟಾ ತಿರುಗಿತು. ಸ್ವಲ್ಪ ಹೊತ್ತು ಎಳೆದಾಡಿದ ಹಾಗೆ ಮಾಡಿ ಹಾಗೇ ಹೋಗುತ್ತಿತ್ತು. ಆಫ್ ಮಾಡಿದೆ. ಇದು ಹೇಗೆ ಸಾಧ್ಯ?

ವೈಂಡಿಂಗ್ ಗಂಗಾವತಿ
ಫ್ಯಾನಿನೊಳಗೆ ಎರಡು ವೈಂಡಿಂಗ್ ಇರುತ್ತವೆ, ರನ್ನಿಂಗ್ ಮತ್ತು ಸ್ಟಾರ್ಟಿಂಗ್. ಕಪಾಸಿಟರ್ ಇರುವುದು ಸ್ಟಾರ್ಟಿಂಗ್ ದಾರಿಯಲ್ಲಿ. ರನ್ನಿಂಗ್ ಒಂದೇ ಇದ್ದರೆ ಮೋಟರಿಗೆ ಯಾವ ಕಡೆ ಹೋಗಬೇಕು ಅಂತ ಗೊತ್ತಾಗಲ್ಲ, ನಿಂತಲ್ಲೇ ನಡುಗುತ್ತದೆ. ಅದೇ ಆ ಗುಂಯ್. ಕಪಾಸಿಟರ್ ಸ್ಟಾರ್ಟಿಂಗ್ ವೈಂಡಿಂಗಿನ ಕರೆಂಟನ್ನ ಸ್ವಲ್ಪ ಮುಂದೆ ತಳ್ಳುತ್ತದೆ, ಆ ವ್ಯತ್ಯಾಸದಿಂದ ದಿಕ್ಕು ಸಿಗುತ್ತದೆ. ನಿಮ್ಮದರಲ್ಲಿ ಆ ಬಲ ಬಹಳ ಕಮ್ಮಿ ಆಗಿದೆ. ಅದಕ್ಕೇ ನೀವು ಯಾವ ಕಡೆ ತಳ್ಳಿದರೆ ಆ ಕಡೆ ಹೋಗುತ್ತಿದೆ.

ಹತ್ತರಲ್ಲಿ ಒಂಬತ್ತು ಸಲ ಇದು ಕಪಾಸಿಟರ್. ಉಳಿದ ಒಂದು ಸಲ ಸ್ಟಾರ್ಟಿಂಗ್ ವೈಂಡಿಂಗೇ ಕಡಿದಿರುತ್ತದೆ, ಇಲ್ಲವೇ ಕಪಾಸಿಟರ್ ಜೋಡಿಸಿದ ವೈರ್ ಸಡಿಲ ಆಗಿರುತ್ತದೆ. ಮತ್ತೆ, ಗುಂಯ್ ಅನ್ನುತ್ತಾ ನಿಂತಾಗ ಬಹಳ ಹೊತ್ತು ಹಾಗೇ ಬಿಡಬೇಡಿ. ತಿರುಗದ ಮೋಟರ್ ಬೇಗ ಕಾಯುತ್ತದೆ, ಒಳ್ಳೆ ವೈಂಡಿಂಗ್ ಕೂಡ ಸುಡುತ್ತದೆ.

ಹೊಸಮನೆ ಸಂಡೂರು
ನಮ್ಮ ಮನೆ ಫ್ಯಾನಿಗೂ ಇದೇ ತೊಂದರೆ. ರಿಮೋಟ್ ಒತ್ತಿದರೆ ಬೀಪ್ ಅನ್ನುತ್ತದೆ, ರೆಕ್ಕೆ ಸ್ವಲ್ಪ ಅಲ್ಲಾಡಿ ನಿಲ್ಲುತ್ತದೆ. ಎರಡೂವರೆ ಕಪಾಸಿಟರ್ ತಂದಿದ್ದೇನೆ, ಎಲ್ಲಿ ಹಾಕಬೇಕು?

ವೈಂಡಿಂಗ್ ಗಂಗಾವತಿ
ರಿಮೋಟ್ ಇದೆ ಅಂದರೆ ನಿಮ್ಮದು ಹೆಚ್ಚಾಗಿ ಬಿಎಲ್‌ಡಿಸಿ ಫ್ಯಾನ್ ಸರ್. ಅದರಲ್ಲಿ ಈ ಕಪಾಸಿಟರ್ ಇರುವುದೇ ಇಲ್ಲ, ಒಳಗೆ ಸರ್ಕಿಟ್ ಬೋರ್ಡ್ ಇರುತ್ತದೆ. ಅದು ಬೇರೆ ಕತೆ. ವಾರಂಟಿ ಇದ್ದರೆ ಬಿಚ್ಚದೆ ಕೊಡಿ.

ಸಿಂಧನೂರು ಎಕ್ಸ್‌ಪ್ರೆಸ್
ರಾಯಚೂರು ಅಣ್ಣಾವ್ರೇ, ಹೇಗೂ ಬದಲಿಸುತ್ತೀರಿ, ಎರಡೂವರೆ ಬೇಡ. 3.15 ಹಾಕಿ, ಸಿಕ್ಕರೆ 4 ಹಾಕಿ. ನಾನು ನಮ್ಮ ಹಾಲಿನಲ್ಲಿ 4 ಹಾಕಿ ಎರಡು ವರ್ಷ ಆಯಿತು. ಗಾಳಿ ಸಖತ್ ಬರುತ್ತದೆ. ನಮ್ಮ ಬಿಸಿಲಿಗೆ ಕಂಪನಿಯವರ ಲೆಕ್ಕ ಸಾಲಲ್ಲ.

ಶಾಲೆ ಮೇಷ್ಟ್ರು ಕೊಪ್ಪಳ
ಇದು ತಪ್ಪು ಸಲಹೆ. ಹಳೆ ಕಪಾಸಿಟರ್ ಮೇಲೆ ಏನು ಬರೆದಿದೆಯೋ ಅದನ್ನೇ ಹಾಕಬೇಕು.

ಸಿಂಧನೂರು ಎಕ್ಸ್‌ಪ್ರೆಸ್
ಮೇಷ್ಟ್ರೇ, ಎರಡು ವರ್ಷ ಓಡಿದೆ ಅಂದೆನಲ್ಲ. ಕಣ್ಣಿಗೆ ಕಾಣುವುದನ್ನ ತಪ್ಪು ಅಂದರೆ ಹೇಗೆ?

ವೈಂಡಿಂಗ್ ಗಂಗಾವತಿ
ಸಿಂಧನೂರಿನವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ದೊಡ್ಡದು ಹಾಕಿದರೆ ಕೆಲವು ಫ್ಯಾನ್ ಸ್ವಲ್ಪ ಜೋರಾಗುತ್ತವೆ. ಆದರೆ ಆ ಜೋರು ಎಲ್ಲಿಂದ ಬಂತು ನೋಡಬೇಕು. ಸ್ಟಾರ್ಟಿಂಗ್ ವೈಂಡಿಂಗಿನ ತಂತಿ ತೆಳ್ಳಗಿರುತ್ತದೆ. ಅದರಲ್ಲಿ ಎಷ್ಟು ಕರೆಂಟ್ ಹೋಗಬೇಕು ಅಂತ ತೀರ್ಮಾನಿಸುವುದು ಈ ಕಪಾಸಿಟರ್. 2.5 ಇದ್ದಲ್ಲಿ 4 ಹಾಕಿದರೆ ಕರೆಂಟ್ ಸುಮಾರು ಒಂದೂವರೆ ಪಟ್ಟು ಮೀರುತ್ತದೆ. ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅಂದರೆ ಆ ತಂತಿಯಲ್ಲಿ ಎರಡೂವರೆ ಪಟ್ಟು ಬಿಸಿ. ಮೇಲೆ ನಮ್ಮ 42, 43 ಡಿಗ್ರಿ ಬಿಸಿಲು. ತಂತಿ ಮೇಲಿನ ವಾರ್ನಿಶ್ ಒಣಗಿ ಉದುರುತ್ತದೆ. ನನ್ನ ಅಂಗಡಿಗೆ ಬೇಸಿಗೆಯಲ್ಲಿ ಸುಟ್ಟು ಬರುವ ಫ್ಯಾನ್ ಬಿಚ್ಚಿದಾಗ ರನ್ನಿಂಗ್ ಕೆಂಪಗೆ ಹೊಸದರ ಹಾಗೆ ಇರುತ್ತದೆ, ಸ್ಟಾರ್ಟಿಂಗ್ ಮಾತ್ರ ಇದ್ದಿಲಿನ ಹಾಗೆ ಕಪ್ಪು. ಮೇಲೆ ನೋಡಿದರೆ 3.15 ಇಲ್ಲವೇ 4 ಹಾಕಿರುತ್ತಾರೆ. ಹೊಸದಾಗಿ ಸುತ್ತಿಸಿದರೆ ಎಷ್ಟು ಖರ್ಚು ಅಂತ ನಿಮಗೇ ಗೊತ್ತು.

3.15 ಬೇಕಾದ ಫ್ಯಾನೂ ಇವೆ. ಅವಕ್ಕೆ ಕಂಪನಿಯೇ 3.15 ಕೊಟ್ಟಿರುತ್ತದೆ. ಅದಕ್ಕೆ 2.5 ಹಾಕುವುದೂ ತಪ್ಪೇ.

ಸಿಂಧನೂರು ಎಕ್ಸ್‌ಪ್ರೆಸ್
ಸರಿ ಸರ್, ನನ್ನದು ಹೇಗೆ ನೋಡಲಿ? ಸುಮ್ನೆ ಹೇಳಿದರೆ ನಂಬಲ್ಲ.

ವೈಂಡಿಂಗ್ ಗಂಗಾವತಿ
ಫುಲ್ ಸ್ಪೀಡಿನಲ್ಲಿ ಎರಡು ಗಂಟೆ ಓಡಿಸಿ. ಆಫ್ ಮಾಡಿ, ನಿಂತ ಕೂಡಲೇ ಮೋಟರಿನ ಹೊಟ್ಟೆಗೆ ಅಂಗೈ ಇಡಿ. ಬೇರೆ ರೂಮಿನ ಫ್ಯಾನಿಗೂ ಹಾಗೇ ಮಾಡಿ. ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಸಿರುಗುಪ್ಪ ಅಕ್ಕ
ರಾಯಚೂರಿನವರೇ, ನೀವೇ ಹತ್ತಿ ಬಿಚ್ಚುವ ಹಾಗಿದ್ದರೆ ಒಂದು ಮಾತು ಕೇಳಿ. ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದೆಯಾ?

ಹೋದ ವರ್ಷ ನಮ್ಮ ಯಜಮಾನರು ಫ್ಯಾನ್ ಬಿಚ್ಚಲು ಮೇನ್ ಆಫ್ ಮಾಡಿ ಸ್ಟೂಲ್ ಹತ್ತಿದರು. ಕರೆಂಟ್ ಹೋಯಿತು ಅಂದುಕೊಂಡು ಇನ್ವರ್ಟರ್ ತಾನೇ ಶುರುವಾಯಿತು. ಫ್ಯಾನ್ ಲೈನ್ ಇನ್ವರ್ಟರಿನಲ್ಲಿತ್ತು. ಸ್ವಿಚ್ ಆಫ್ ಇತ್ತಲ್ಲ ಅಂತ ನೀವು ಕೇಳಬಹುದು. ನಮ್ಮದು ಹಳೆ ಮನೆ, ಆ ಸ್ವಿಚ್ ನ್ಯೂಟ್ರಲ್ ವೈರಿಗೆ ಇತ್ತು, ಫೇಸ್ ನೇರವಾಗಿ ಫ್ಯಾನಿಗೆ ಹೋಗಿತ್ತು. ಕೈಗೆ ಹೊಡೆದು ಸ್ಟೂಲ್ ಮೇಲಿಂದ ಬಿದ್ದರು. ಮಣಿಕಟ್ಟು ಮುರಿಯಿತು, ಒಂದೂವರೆ ತಿಂಗಳು ಪ್ಲಾಸ್ಟರ್. ಶಾಕ್ ಸಣ್ಣದೇ, ಆದರೆ ಬಿದ್ದ ಪೆಟ್ಟು ದೊಡ್ಡದು.

ಮೇನ್ ಆಫ್ ಮಾಡಿ, ಇನ್ವರ್ಟರ್ ಬಟನ್ ಕೂಡ ಆಫ್ ಮಾಡಿ, ಆಮೇಲೆ ಟೆಸ್ಟರ್ ಇಟ್ಟು ನೋಡಿ. ಟೆಸ್ಟರನ್ನೂ ಮೊದಲು ಕರೆಂಟ್ ಇರುವ ಪ್ಲಗ್ಗಿನಲ್ಲಿ ಉರಿಯುತ್ತದಾ ಅಂತ ನೋಡಿಕೊಳ್ಳಿ.

ರಾಯಚೂರಿನವ
ಅಕ್ಕ, ಇನ್ವರ್ಟರ್ ಇದೆ. ನಾನು ಇದನ್ನ ಯೋಚಿಸಿಯೇ ಇರಲಿಲ್ಲ. ನಿಮಗೆ ಬಹಳ ಉಪಕಾರ ಆಯಿತು. ಯಜಮಾನರ ಕೈ ಈಗ ಹೇಗಿದೆ?

ಸಿರುಗುಪ್ಪ ಅಕ್ಕ
ಆರಾಮಿದ್ದಾರೆ. ಚಳಿಗಾಲದಲ್ಲಿ ಸ್ವಲ್ಪ ನೋಯುತ್ತದೆ ಅನ್ನುತ್ತಾರೆ.

ಶಾಲೆ ಮೇಷ್ಟ್ರು ಕೊಪ್ಪಳ
ಕಪಾಸಿಟರ್ ಮುಟ್ಟುವ ಮೊದಲು ಅದರೊಳಗಿನ ಚಾರ್ಜ್ ತೆಗೆಯುವುದನ್ನ ಮರೆಯಬೇಡಿ. ಪ್ಲಾಸ್ಟಿಕ್ ಹಿಡಿ ಇರುವ ಸ್ಕ್ರೂಡ್ರೈವರಿನಿಂದ ಎರಡು ತುದಿ ಸೇರಿಸಿ. ಇಲ್ಲದಿದ್ದರೆ ಮೇನ್ ಆಫ್ ಇದ್ದರೂ ಹೊಡೆಯುತ್ತದೆ.

ವೈಂಡಿಂಗ್ ಗಂಗಾವತಿ
ಮೇಷ್ಟ್ರು ಹೇಳಿದ್ದು ಒಳ್ಳೆಯದೇ, ಮಾಡಿ. ಆದರೆ ಸರಿಯಾಗಿ ಜೋಡಿಸಿದ ಫ್ಯಾನಿನಲ್ಲಿ ಆಫ್ ಮಾಡಿದ ಕೂಡಲೇ ಚಾರ್ಜ್ ಎರಡೂ ವೈಂಡಿಂಗ್ ಮೂಲಕ ಹರಿದು ಹೋಗುತ್ತದೆ. ಅಪಾಯ ಇರುವುದು ಎಲ್ಲಾದರೂ ವೈರ್ ಕಡಿದಿದ್ದಾಗ, ಮತ್ತೆ ಆ ಕಿಡಿ ಪರೀಕ್ಷೆ ಮಾಡಿದಾಗ. ಕರೆಂಟಿಗೆ ಮುಟ್ಟಿಸಿ ತೆಗೆದ ಕಪಾಸಿಟರ್ ಮುನ್ನೂರು ವೋಲ್ಟ್ ಹಿಡಿದುಕೊಂಡು ಮೇಜಿನ ಮೇಲೆ ಕೂತಿರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಆ ಆಟ ಬೇಡವೇ ಬೇಡ.

ರಾಯಚೂರಿನವ
ಇವತ್ತು ಭಾನುವಾರ, ಕೆಲಸಕ್ಕೆ ಕೂತೆ. ಮೇನ್ ಆಫ್, ಇನ್ವರ್ಟರ್ ಆಫ್, ಟೆಸ್ಟರ್ ಇಟ್ಟು ನೋಡಿದೆ. ಕೆಳಗೆ ತಮ್ಮ ಏಣಿ ಹಿಡಿದಿದ್ದ. ರಾಡಿನ ಕೆಳಗಿನ ಕಪ್ ಸ್ಕ್ರೂ ಸಡಿಲ ಮಾಡಿ ಮೇಲೆ ಎತ್ತಿದರೆ ಬಿಳಿ ಡಬ್ಬಿ ಕಾಣಿಸಿತು. ಅದರ ಮೇಲೆ ಕಂದು ಧೂಳು ಮೆತ್ತಿಕೊಂಡಿತ್ತು. ಒರೆಸಿದರೆ 2.5 ಮೈಕ್ರೋಫ್ಯಾರಡ್, 440 ವೋಲ್ಟ್ ಅಂತ ಬರೆದಿತ್ತು. ಒಂದು ಬದಿ ಸ್ವಲ್ಪ ಉಬ್ಬಿದೆ.

ಪಕ್ಕದ ಮನೆ ಡಿಪ್ಲೊಮಾ ಹುಡುಗನ ಹತ್ತಿರ ಕಪಾಸಿಟರ್ ಅಳೆಯುವ ಮಲ್ಟಿಮೀಟರ್ ಇತ್ತು. ಫ್ಯಾನಿನಲ್ಲಿ ಇದ್ದ ಹಾಗೇ ಮೊದಲು ಅಳೆದೆವು, ಅಂಕಿ ನಿಲ್ಲಲೇ ಇಲ್ಲ. ಆಮೇಲೆ ಎರಡೂ ವೈರ್ ಬಿಚ್ಚಿ, ಸ್ಕ್ರೂಡ್ರೈವರಿನಿಂದ ತುದಿ ಸೇರಿಸಿ, ಅಳೆದರೆ 0.9 ಬಂತು. ಎರಡು ಸಲ ನೋಡಿದೆವು, ಅದೇ 0.9.

ವೈಂಡಿಂಗ್ ಗಂಗಾವತಿ
ಬಿಚ್ಚಿಯೇ ಅಳೆಯಬೇಕು, ಇಲ್ಲದಿದ್ದರೆ ವೈಂಡಿಂಗ್ ಅಡ್ಡ ಬರುತ್ತದೆ. 2.5ರದ್ದು ಐದು ಪರ್ಸೆಂಟ್ ಹೆಚ್ಚು ಕಮ್ಮಿ ಇರಬಹುದು, ಅಂದರೆ 2.4ರ ಆಸುಪಾಸಿನವರೆಗೂ ಸರಿ. 2ಕ್ಕಿಂತ ಕೆಳಗೆ ಬಂದರೆ ಗಾಳಿ ಕಮ್ಮಿ ಆಗಿದ್ದು ಗೊತ್ತಾಗುತ್ತದೆ. 0.9ಕ್ಕೆ ತಳ್ಳದೆ ತಿರುಗುವುದು ಕಷ್ಟವೇ. ಇದೇ ಡಬ್ಬಿಯಲ್ಲಿ ಮೊನ್ನೆ ಕಿಡಿ ಬಂದಿತ್ತು, ನೆನಪಿರಲಿ.

ಹೊಸದು ತರುವಾಗ 2.5 ಮತ್ತು 440 ಎರಡೂ ಅಂಕಿ ನೋಡಿ. 250 ವೋಲ್ಟಿನದು ಕೊಟ್ಟರೆ ತಗೊಳ್ಳಬೇಡಿ. ಮನೆಗೆ 230 ತಾನೇ ಬರುವುದು ಅಂತ ಅಂಗಡಿಯವರು ಹೇಳಬಹುದು, ಆದರೆ ಫ್ಯಾನ್ ಓಡುವಾಗ ಕಪಾಸಿಟರ್ ಮೇಲೆ ಅದಕ್ಕಿಂತ ಜಾಸ್ತಿ ವೋಲ್ಟೇಜ್ ಬೀಳುತ್ತದೆ. ಇದಕ್ಕೆ ಪ್ಲಸ್ ಮೈನಸ್ ಇಲ್ಲ, ಯಾವ ವೈರ್ ಯಾವ ಕಡೆ ಬಂದರೂ ನಡೆಯುತ್ತದೆ.

ರಾಯಚೂರಿನವ
ತಂದು ಹಾಕಿದೆ, 60 ರೂಪಾಯಿ. ತಳ್ಳದೆ ಕೂಡಲೇ ತಿರುಗಿತು, ಗುಂಯ್ ಇಲ್ಲ, ಸ್ಪೀಡ್ ಚೆನ್ನಾಗಿದೆ. ಆದರೆ ಕೆಳಗೆ ಗಾಳಿಯೇ ಬರುತ್ತಿಲ್ಲ! ಇಷ್ಟು ಜೋರಾಗಿ ತಿರುಗುತ್ತಿದೆ, ಹಾಸಿಗೆ ಮೇಲೆ ಮಲಗಿದರೆ ಏನೂ ಗೊತ್ತಾಗಲ್ಲ. ಅಪ್ಪ "ಮೊದಲೇ ಚೆನ್ನಾಗಿತ್ತು" ಅನ್ನುತ್ತಿದ್ದಾರೆ.

ಮಸ್ಕಿ ಹುಡುಗ
ಉಲ್ಟಾ ತಿರುಗುತ್ತಿದೆ ಅಣ್ಣ.

ವೈಂಡಿಂಗ್ ಗಂಗಾವತಿ
ಮಸ್ಕಿ ತಮ್ಮ ಹೇಳಿದ್ದು ಸರಿ. ಕೆಳಗೆ ನಿಂತು ತಲೆ ಎತ್ತಿ ನೋಡಿ. ನಮ್ಮ ಕಡೆಯ ಫ್ಯಾನ್‌ಗಳು ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಬೇಕು. ನಿಮ್ಮದು ಮುಳ್ಳಿನ ಹಾಗೆ ತಿರುಗುತ್ತಿದ್ದರೆ ಗಾಳಿ ಮೇಲೆ ಛಾವಣಿಗೆ ಹೋಗುತ್ತಿದೆ.

ನೀವು ಕಪಾಸಿಟರ್ ವೈರ್ ಅಷ್ಟೇ ಅಲ್ಲ, ಬೇರೆ ವೈರ್ ಕೂಡ ಬಿಚ್ಚಿದ್ದಿರಾ?

ರಾಯಚೂರಿನವ
ಹೌದು ಸರ್. ಕನೆಕ್ಟರ್ ಸುಟ್ಟ ಹಾಗೆ ಕಾಣಿಸಿತು. ಹೊಸ ಕನೆಕ್ಟರ್ ಹಾಕೋಣ ಅಂತ ಎಲ್ಲ ಬಿಚ್ಚಿದೆ. ಫೋಟೊ ತೆಗೆದಿರಲಿಲ್ಲ.

ವೈಂಡಿಂಗ್ ಗಂಗಾವತಿ
ಮೋಟರಿನಿಂದ ಮೂರು ವೈರ್ ಬರುತ್ತವೆ. ಒಂದು ಕಾಮನ್, ಅದಕ್ಕೆ ನ್ಯೂಟ್ರಲ್. ಉಳಿದ ಎರಡು ರನ್ನಿಂಗ್ ಮತ್ತು ಸ್ಟಾರ್ಟಿಂಗ್, ಅವೆರಡರ ಮಧ್ಯೆ ಕಪಾಸಿಟರ್ ಕೂರುತ್ತದೆ. ಫೇಸ್ ರನ್ನಿಂಗಿಗೆ ಸೇರಬೇಕು. ನೀವು ಅದನ್ನ ಸ್ಟಾರ್ಟಿಂಗಿಗೆ ಸೇರಿಸಿದ್ದೀರಿ, ಅಷ್ಟೇ. ಕಪಾಸಿಟರ್ ಮುಟ್ಟಬೇಡಿ. ಫೇಸ್ ವೈರ್ ಒಂದನ್ನ ಮಾತ್ರ ಈಗಿರುವ ಕಡೆಯಿಂದ ಬಿಚ್ಚಿ ಕಪಾಸಿಟರಿನ ಇನ್ನೊಂದು ತುದಿ ಇರುವ ಕಡೆಗೆ ಹಾಕಿ. ಬಣ್ಣ ನೋಡಿ ಹೋಗಬೇಡಿ, ಒಂದೊಂದು ಕಂಪನಿಯದು ಒಂದೊಂದು ಬಣ್ಣ. ಮತ್ತೆ ಮೇನ್, ಇನ್ವರ್ಟರ್ ಎರಡೂ ಆಫ್.

ಶಾಲೆ ಮೇಷ್ಟ್ರು ಕೊಪ್ಪಳ
ಇದೇ ಸಮಯಕ್ಕೆ ನನ್ನದೂ ಹೇಳಿಬಿಡುತ್ತೇನೆ. ನಮ್ಮ ಮನೆ ಗಿಣಿಗೇರಿ ಕಡೆ. ರೆಕ್ಕೆ ಮೇಲೆ ವಾರಕ್ಕೊಮ್ಮೆ ಕಪ್ಪು ಧೂಳು ಕೂರುತ್ತದೆ. ಹೋದ ಬೇಸಿಗೆ ಫ್ಯಾನ್ ನಿಧಾನ ಆಯಿತು, ಹೊಸ ಕಪಾಸಿಟರ್ ಹಾಕಿದೆ, ಏನೂ ವ್ಯತ್ಯಾಸ ಇಲ್ಲ. ಇಲ್ಲಿ ಹೇಳಿದ ಹಾಗೆ ಕೈಯಿಂದ ತಳ್ಳಿ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು, ಒಂದು ಸುತ್ತೂ ಪೂರ್ತಿ ಹೋಗುತ್ತಿರಲಿಲ್ಲ. ಬೇರಿಂಗ್ ಒಳಗೆ ಗ್ರೀಸ್ ಧೂಳಿನ ಜೊತೆ ಸೇರಿ ಡಾಂಬರಿನ ಹಾಗೆ ಆಗಿತ್ತು.

ಕೋಟೆ ಬಳ್ಳಾರಿ
ನಮ್ಮ ಕಡೆ ಧೂಳು ಕೆಂಪು ಮೇಷ್ಟ್ರೇ, ಕತೆ ಅದೇ.

ರಾಯಚೂರಿನವ
ಆಯಿತು! ಫೇಸ್ ವೈರ್ ಆ ಕಡೆಯಿಂದ ಈ ಕಡೆ ಹಾಕಿದೆ. ಈಗ ಸರಿಯಾದ ದಿಕ್ಕಿಗೆ ತಿರುಗುತ್ತಿದೆ, ಮಂಚದ ಮೇಲಿನ ಹೊದಿಕೆ ಹಾರುತ್ತಿದೆ. ಅಮ್ಮ ಮೂರರಲ್ಲಿ ಇಡು, ಚಳಿ ಆಗುತ್ತದೆ ಅಂದರು. ಹೊಸ ಫ್ಯಾನಿನ ದುಡ್ಡು ಉಳಿಯಿತು. ಎಲ್ಲರಿಗೂ ಧನ್ಯವಾದ.

ಒಂದು ಸಣ್ಣ ಅನುಮಾನ ಉಳಿದಿದೆ. ಐದರಲ್ಲಿ ಸದ್ದಿಲ್ಲ. ಒಂದು, ಎರಡರಲ್ಲಿ ಇಟ್ಟಾಗ ರಾತ್ರಿ ಕಿವಿಗೊಟ್ಟರೆ ಸಣ್ಣದಾಗಿ ಝುಂ ಅನ್ನುತ್ತದೆ.

ವೈಂಡಿಂಗ್ ಗಂಗಾವತಿ
ರೆಗ್ಯುಲೇಟರ್ ಗುಂಡಿ ಟಕ್ ಟಕ್ ಅಂತ ಒಂದೊಂದೇ ಹೆಜ್ಜೆ ಹೋಗುತ್ತದಾ, ಇಲ್ಲ ರೇಡಿಯೊ ಗುಂಡಿ ಹಾಗೆ ನುಣ್ಣಗೆ ತಿರುಗುತ್ತದಾ? ನುಣ್ಣಗೆ ತಿರುಗುವಂಥದ್ದು ಕರೆಂಟನ್ನ ಕತ್ತರಿಸಿ ಕತ್ತರಿಸಿ ಕಳಿಸುತ್ತದೆ, ಕಮ್ಮಿ ಸ್ಪೀಡಿನಲ್ಲಿ ಝುಂ ಅನ್ನುವುದು ಅದರ ಗುಣ. ಟಕ್ ಟಕ್ ಇರುವುದಾದರೆ ನೋಡಬೇಕು.

ರಾಯಚೂರಿನವ
ಟಕ್ ಟಕ್ ಇರುವುದು ಸರ್.

ವೈಂಡಿಂಗ್ ಗಂಗಾವತಿ
ಹಾಗಾದರೆ ಇಲ್ಲಿಂದ ಹೇಳಲು ಆಗಲ್ಲ. ಅದರೊಳಗೂ ಸಣ್ಣ ಕಪಾಸಿಟರ್ ಇರುತ್ತವೆ, ಅವೂ ಕರಗುತ್ತವೆ. ಇಷ್ಟು ದಿನ ತಳ್ಳಿ ತಳ್ಳಿ ಓಡಿಸಿದ್ದಕ್ಕೆ ವೈಂಡಿಂಗಿಗೂ ಸ್ವಲ್ಪ ಪೆಟ್ಟು ಬಿದ್ದಿರಬಹುದು. ಒಂದು ವಾರ ಓಡಿಸಿ. ಸದ್ದು ಜಾಸ್ತಿ ಆದರೆ, ಸುಟ್ಟ ವಾಸನೆ ಬಂದರೆ ಬರೆಯಿರಿ.

ಸಿಂಧನೂರು ಎಕ್ಸ್‌ಪ್ರೆಸ್
ಗಂಗಾವತಿ ಸರ್, ನೀವು ಹೇಳಿದ ಹಾಗೆ ಎರಡು ಗಂಟೆ ಓಡಿಸಿ ಮುಟ್ಟಿ ನೋಡಿದೆ. ಬೆಡ್‌ರೂಮಿನದು ಬೆಚ್ಚಗಿತ್ತು, ಕೈ ಇಟ್ಟುಕೊಳ್ಳಬಹುದು. ಹಾಲಿನದಕ್ಕೆ ಮೂರು ಸೆಕೆಂಡಿಗೆ ಕೈ ತೆಗೆದೆ. ಆದರೆ ಹಾಲಿನ ಮೇಲೆ ನೇರ ಬಿಸಿಲು ಬೀಳುವ ಆರ್‌ಸಿಸಿ ಛಾವಣಿ ಇದೆ, ಬೆಡ್‌ರೂಮಿನ ಮೇಲೆ ಇನ್ನೊಂದು ಮಹಡಿ ಇದೆ. ಅದರಿಂದಲೂ ಆಗಿರಬಹುದಲ್ವಾ?

ವೈಂಡಿಂಗ್ ಗಂಗಾವತಿ
ಸ್ವಲ್ಪ ಅದರಿಂದಲೂ ಇರಬಹುದು. ಹಾಲಿಗೆ ಎರಡೂವರೆ ಹಾಕಿ, ಅದೇ ಹೊತ್ತಿಗೆ, ಅಷ್ಟೇ ಹೊತ್ತು ಓಡಿಸಿ ಮತ್ತೆ ಮುಟ್ಟಿ ನೋಡಿ.

ಸಿಂಧನೂರು ಎಕ್ಸ್‌ಪ್ರೆಸ್
ನಾಳೆ ಪೇಟೆಗೆ ಹೋದಾಗ ತರುತ್ತೇನೆ. ಗಾಳಿ ಕಮ್ಮಿ ಆದರೆ ಮಾತ್ರ ಮತ್ತೆ ಬಂದು ಜಗಳ ಮಾಡುತ್ತೇನೆ.

ಹೊಸಮನೆ ಸಂಡೂರು
ನಾನು ತಂದಿರುವ ಎರಡೂವರೆ ಕಪಾಸಿಟರ್ ಹಾಗೇ ಇದೆ. ಸಂಡೂರಿಗೆ ಬಂದರೆ ತಗೊಂಡು ಹೋಗಿ.